ಇಲಿ ಕಡಿದ ಐನೂರರ ನೋಟಿಗೆ ಬ್ಯಾಂಕು ಎಷ್ಟು ಕೊಡಬೇಕು?

ಕೊಡಗಿನಲ್ಲಿ ಮಳೆಗಾಲ ಅಂದರೆ ನೋಟುಗಳಿಗೂ ಕಷ್ಟಕಾಲ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ ಕಳೆದರೂ ಬಿಡುವುದಿಲ್ಲ. ಟ್ರಂಕಿನೊಳಗಿನ ಬಟ್ಟೆಗೆ ಬೂಷ್ಟು ಬರುತ್ತದೆ, ಗೋಡೆಯಿಂದ ಗೆದ್ದಲು ಇಳಿಯುತ್ತದೆ, ಹೊರಗೆ ತಿನ್ನಲು ಏನೂ ಸಿಗದ ಇಲಿಗಳು ಮನೆ ಸೇರುತ್ತವೆ. ತೋಟದ ಲೈನ್‌ಮನೆಗಳಲ್ಲಿ ವಾರದ ಬಟವಾಡೆ ದುಡ್ಡು ಇರುವುದು ಬಟ್ಟೆ ಚೀಲದಲ್ಲೋ, ಅಕ್ಕಿ ಡಬ್ಬದ ಹಿಂದೆಯೋ, ಹಾಸಿಗೆ ಕೆಳಗೋ. ಆಟಿ ಮುಗಿದ ಮೇಲೆ ಆ ಗಂಟು ಬಿಚ್ಚಿದರೆ ಒಳಗಿಂದ ಚೂರುಗಳು ಉದುರುತ್ತವೆ.

ಆಮೇಲೆ ಶುರುವಾಗುತ್ತದೆ ಊಹೆಗಳ ಸಾಲು. ನಂಬರ್ ಉಳಿದಿದ್ದರೆ ಮಾತ್ರ ದುಡ್ಡು ಅಂತ ಒಬ್ಬರು ಹೇಳುತ್ತಾರೆ. ಗಾಂಧಿ ಮುಖ ಇರಬೇಕು ಅಂತ ಇನ್ನೊಬ್ಬರು. ಖಾತೆ ಇದ್ದ ಬ್ಯಾಂಕಿಗೇ ಹೋಗಬೇಕು ಅಂತ ಮತ್ತೊಬ್ಬರು. ಕೊನೆಗೆ ಪೇಟೆಯಲ್ಲಿ ಕಮಿಷನ್ ಹಿಡಿದು ಹರಿದ ನೋಟು ತಗೊಳ್ಳುವವರ ಕೈಗೆ, ಅವರು ಕೊಟ್ಟಷ್ಟಕ್ಕೆ, ಆ ನೋಟು ಹೋಗುತ್ತದೆ. ಈ ವ್ಯವಹಾರದಲ್ಲಿ ಪ್ರತಿಸಲ ಸೋಲುವವರು ವಾರದ ಕೂಲಿಯ ಜನ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು. ಯಾಕೆಂದರೆ ಹರಿದ ನೋಟಿಗೆ ಎಷ್ಟು ಸಿಗಬೇಕು ಅನ್ನುವುದು ಕ್ಯಾಷಿಯರ್ ಮನಸ್ಸಿಗೆ ಬಿಟ್ಟ ವಿಷಯವಲ್ಲ. ಅದಕ್ಕೊಂದು ಅಳತೆ ಇದೆ. ಆ ಅಳತೆ ಚದರ ಸೆಂಟಿಮೀಟರ್‌ನಲ್ಲಿದೆ. ಒಂದು ಸ್ಕೇಲು ಇದ್ದರೆ ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ರಿಸರ್ವ್ ಬ್ಯಾಂಕ್ ಮಾಸಿದ ನೋಟನ್ನೂ ತುಂಡು ಹೋದ ನೋಟನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಕೈಯಿಂದ ಕೈಗೆ ಓಡಾಡಿ ಕೊಳೆಯಾದ ನೋಟು, ಕೆಸರು ಹತ್ತಿದ ನೋಟು, ಬಣ್ಣ ಮಂಕಾದ ನೋಟು ಮಾಸಿದ ನೋಟಿನ ಲೆಕ್ಕಕ್ಕೆ ಬರುತ್ತದೆ. ಎರಡೇ ತುಂಡಾಗಿ, ಎರಡೂ ತುಂಡು ಒಂದೇ ನೋಟಿನದ್ದಾಗಿ, ಜೋಡಿಸಿದರೆ ಏನೂ ಕಮ್ಮಿಯಾಗದೆ ಪೂರ್ತಿ ನೋಟು ಆಗುವುದಾದರೆ ಅದೂ ಮಾಸಿದ ನೋಟೇ. ಇದಕ್ಕೆ ಪೂರ್ತಿ ಬೆಲೆ ಸಿಗುತ್ತದೆ, ಅಳೆಯುವ ಕೆಲಸವೇ ಇಲ್ಲ. ದಿನಕ್ಕೆ 20 ನೋಟಿನವರೆಗೆ, ಒಟ್ಟು 5,000 ರೂಪಾಯಿ ಮೀರದಿದ್ದರೆ, ಕೌಂಟರಿನಲ್ಲೇ ಶುಲ್ಕವಿಲ್ಲದೆ ಬದಲಾಯಿಸಿ ಕೊಡಬೇಕು. ಅದಕ್ಕಿಂತ ಜಾಸ್ತಿ ತಂದರೆ ಬ್ಯಾಂಕು ರಸೀದಿ ಕೊಟ್ಟು ಇಟ್ಟುಕೊಂಡು, ಆಮೇಲೆ ಖಾತೆಗೆ ಹಾಕಬಹುದು, ಸೇವಾ ಶುಲ್ಕವನ್ನೂ ಹಿಡಿಯಬಹುದು.

ಒಂದು ಭಾಗ ಕಳೆದುಹೋಗಿದ್ದರೆ, ಅಥವಾ ನೋಟು ಎರಡಕ್ಕಿಂತ ಹೆಚ್ಚು ಚೂರಾಗಿದ್ದರೆ, ಆಗ ಮಾತ್ರ ಅಳತೆಯ ಪ್ರಶ್ನೆ ಬರುತ್ತದೆ. ಇದನ್ನು ನಡೆಸುವುದು 2009ರ ನೋಟು ಮರುಪಾವತಿ ನಿಯಮ. ಅದಕ್ಕೆ 2018ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾಯಿತು. ಕೊಡಗಿನಲ್ಲಿ ಗುಡ್ಡ ಕುಸಿದು ಎಷ್ಟೋ ಮನೆಗಳು ಮಣ್ಣುಪಾಲಾದ ಆಗಸ್ಟ್ ಮುಗಿದ ಬೆನ್ನಿಗೇ ಈ ತಿದ್ದುಪಡಿ ಬಂತು. ಆಗಿನ ಗದ್ದಲದಲ್ಲಿ ಇಲ್ಲಿ ಯಾರು ಗಮನಿಸಿರುತ್ತಾರೆ ಹೇಳಿ. ಆದರೆ ಆ ತಿದ್ದುಪಡಿಯಿಂದ ನಮ್ಮ ಜೇಬಿಗೆ ನೇರ ಪೆಟ್ಟು ಬಿದ್ದಿದೆ. ಅದನ್ನು ಮುಂದೆ ಹೇಳುತ್ತೇನೆ.

ನಿಯಮ ಕೇಳುವುದು ಒಂದೇ ಪ್ರಶ್ನೆ: ಉಳಿದಿರುವ ತುಂಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಇಡಿಯಾಗಿರುವ ಒಂದು ತುಂಡು ಎಷ್ಟು ದೊಡ್ಡದು? 50 ರೂಪಾಯಿ ಮತ್ತು ಅದಕ್ಕಿಂತ ಮೇಲಿನ ನೋಟಾದರೆ, ಆ ತುಂಡು ಪೂರ್ತಿ ನೋಟಿನ ಶೇ. 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ. ಶೇ. 40ರಿಂದ 80ರ ಒಳಗಿದ್ದರೆ ಅರ್ಧ ಬೆಲೆ. ಶೇ. 40ಕ್ಕಿಂತ ಕಮ್ಮಿಯಾದರೆ ಏನೂ ಇಲ್ಲ. 20 ರೂಪಾಯಿ ಮತ್ತು ಅದಕ್ಕಿಂತ ಕೆಳಗಿನ ನೋಟಿಗೆ ಅರ್ಧ ಬೆಲೆ ಅನ್ನುವುದೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ.

ಈಗಿನ 500ರ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ. ಗುಣಿಸಿದರೆ 99 ಚದರ ಸೆಂಟಿಮೀಟರ್. ಗಡಿಯನ್ನು ಮುಂದಿನ ಪೂರ್ಣ ಸಂಖ್ಯೆಗೆ ಏರಿಸಿ ಲೆಕ್ಕ ಹಿಡಿಯುವುದರಿಂದ, ಪೂರ್ತಿ 500 ಸಿಗಬೇಕಾದರೆ ದೊಡ್ಡ ತುಂಡು 80 ಚದರ ಸೆಂಟಿಮೀಟರ್ ಇರಬೇಕು, 250 ಸಿಗಬೇಕಾದರೆ 40 ಇರಬೇಕು. ಒಂದು ಬದಿಯಿಂದ ನೇರ ಪಟ್ಟಿಯಂತೆ ಹೋಗಿದೆ ಅಂತ ಇಟ್ಟುಕೊಳ್ಳಿ. ಉದ್ದದಲ್ಲಿ 12.2 ಸೆಂಟಿಮೀಟರ್ ಉಳಿದಿದ್ದರೆ ಪೂರ್ತಿ ದುಡ್ಡು. 12 ಸೆಂಟಿಮೀಟರ್ ಮಾತ್ರ ಉಳಿದಿದ್ದರೆ ಅರ್ಧ. ನಡುವೆ ಇರುವುದು ಎರಡು ಮಿಲಿಮೀಟರ್, ಬೆಲೆಯಲ್ಲಿ ವ್ಯತ್ಯಾಸ 250 ರೂಪಾಯಿ.

ಈಗ ಒಂದು ಗಂಟನ್ನು ಬಿಚ್ಚಿ ನೋಡೋಣ. ಲೈನ್‌ಮನೆಯ ಒಬ್ಬ ಅಕ್ಕ ಐದು ನೋಟುಗಳನ್ನು ಒಟ್ಟಿಗೆ ಮಡಚಿ ಬಟ್ಟೆ ಚೀಲದಲ್ಲಿ ಇಟ್ಟಿದ್ದರು ಅಂತ ಇಟ್ಟುಕೊಳ್ಳಿ. ಮೂರು ಐನೂರು, ಒಂದು ನೂರು, ಒಂದು ಇಪ್ಪತ್ತು. ಒಟ್ಟು 1,620 ರೂಪಾಯಿ. ಇಲಿ ಚೀಲ ಕಡಿದು ಒಳಗೆ ನುಗ್ಗಿದೆ.

ಮೊದಲ ಐನೂರರಲ್ಲಿ ಒಂದು ಮೂಲೆ ಹೋಗಿದೆ, 89 ಚದರ ಸೆಂಟಿಮೀಟರ್ ಉಳಿದಿದೆ. ಪೂರ್ತಿ 500 ಸಿಗುತ್ತದೆ. ಹೋದ ಮೂಲೆಯಲ್ಲಿ ನಂಬರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನೋಟು ಅಸಲಿ ಅಂತ ಅಧಿಕಾರಿಗೆ ಖಾತ್ರಿಯಾಗಬೇಕು, ತುಂಡು ಅಳತೆಗೆ ಬರಬೇಕು.

ಎರಡನೆಯದರಲ್ಲಿ ಜಾಸ್ತಿ ಹೋಗಿದೆ. 76 ಉಳಿದಿದೆ. ನೋಡಿದರೆ ಮುಕ್ಕಾಲು ನೋಟು ಕಣ್ಣೆದುರಿಗೇ ಇದೆ. ಆದರೂ ಸಿಗುವುದು 250.

ಮೂರನೆಯದು ಮಡಚಿದ ಗೆರೆಯಲ್ಲೇ ಕಡಿಸಿಕೊಂಡು ಎರಡು ತುಂಡಾಗಿದೆ. ನಡುವಿನ ಭಾಗವನ್ನು ಇಲಿ ತಿಂದುಹಾಕಿದೆ. ಒಂದು ತುಂಡು 44, ಇನ್ನೊಂದು 41. ದೊಡ್ಡ ತುಂಡನ್ನಷ್ಟೇ ನೋಡಿದರೆ ಇದಕ್ಕೆ ಅರ್ಧ ಬೆಲೆ ಅನ್ನಬೇಕು. ಆದರೆ ನಿಯಮದಲ್ಲಿ ಇನ್ನೊಂದು ಸಾಲು ಇದೆ. ಒಂದೇ ನೋಟಿನ ಎರಡು ತುಂಡು, ಎರಡೂ ಪ್ರತ್ಯೇಕವಾಗಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, ಪೂರ್ತಿ ಬೆಲೆ ಕೊಡಬೇಕು. ಇಲ್ಲಿ ಎರಡೂ 40 ದಾಟಿವೆ. ಹಾಗಾಗಿ 500.

ನೂರರ ನೋಟು ಈಗಿನ ನೇರಳೆ ಬಣ್ಣದ್ದು. ಪೂರ್ತಿಗೆ 75, ಅರ್ಧಕ್ಕೆ 38 ಚದರ ಸೆಂಟಿಮೀಟರ್ ಬೇಕು. ಉಳಿದಿರುವುದು 60. ಸಿಗುವುದು 50 ರೂಪಾಯಿ. ಇಪ್ಪತ್ತರ ಹೊಸ ನೋಟಿಗೆ 41 ಸಾಕು. ಅದರಲ್ಲಿ 45 ಉಳಿದಿದೆ. ಅಂದರೆ ಹತ್ತಿರ ಹತ್ತಿರ ಅರ್ಧ ನೋಟೇ ಹೋಗಿದ್ದರೂ 20 ರೂಪಾಯಿ ಪೂರ್ತಿ ಸಿಗುತ್ತದೆ.

ಒಟ್ಟು 1,320. ಇಲಿ ತಿಂದದ್ದು 300 ರೂಪಾಯಿ. ಚೀಲ ನೋಡಿ ಎಲ್ಲಾ ಹೋಯ್ತು ಅಂತ ತಲೆಮೇಲೆ ಕೈ ಹೊತ್ತು ಕೂತವರಿಗೆ ಇದು ದೊಡ್ಡ ಮೊತ್ತ ಅಲ್ವಾ?

ಮೂರನೇ ನೋಟಿನ ಹತ್ತಿರ ಇನ್ನೂ ಸ್ವಲ್ಪ ನಿಲ್ಲಬೇಕು. ಜನ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಎರಡು ತುಂಡುಗಳಲ್ಲಿ ಚಿಕ್ಕದನ್ನು ಕಸ ಅಂತ ಒಲೆಗೆ ಹಾಕಿ ದೊಡ್ಡದನ್ನು ಮಾತ್ರ ಬ್ಯಾಂಕಿಗೆ ತರುತ್ತಾರೆ. ಹಾಗೆ ಮಾಡಿದರೆ 44ರ ತುಂಡಿಗೆ 250 ಅಷ್ಟೇ. ಒಲೆಗೆ ಹಾಕಿದ 41ರ ತುಂಡಿಗೆ ಇನ್ನೊಂದು 250 ಬೆಲೆ ಇತ್ತು. ಒಮ್ಮೆ ಅರ್ಧ ಬೆಲೆ ಪಡೆದ ಮೇಲೆ ಆ ನೋಟು ಬ್ಯಾಂಕಿನಲ್ಲೇ ಉಳಿಯುತ್ತದೆ. ಆದ್ದರಿಂದ ಕೌಂಟರಿಗೆ ಹೋಗುವ ಮೊದಲು ಚೀಲವನ್ನು ಪೂರ್ತಿ ಕೊಡವಿ, ಗೂಡು ಸಿಕ್ಕಿದರೆ ಅದನ್ನೂ ಬಿಡಿಸಿ, ಹುಡುಕಿ.

ಇದೇ ನಿಯಮದಿಂದ ಒಂದು ವಿಚಿತ್ರ ಫಲಿತಾಂಶವೂ ಬರುತ್ತದೆ. ಐನೂರರ ನೋಟಿನ 70 ಮತ್ತು 20ರ ಎರಡು ತುಂಡು ನಿಮ್ಮ ಹತ್ತಿರ ಇವೆ ಅನ್ನಿ. ಕೂಡಿದರೆ 90. ಮೇಲಿನ ಅಕ್ಕನ ಹತ್ತಿರ ಇದ್ದದ್ದು ಕೂಡಿ 85 ಮಾತ್ರ. ಆದರೂ ಅವರಿಗೆ 500, ನಿಮಗೆ 250. ನಿಮ್ಮ ದೊಡ್ಡ ತುಂಡು 80 ಮುಟ್ಟಲಿಲ್ಲ, ಚಿಕ್ಕದು 40 ಮುಟ್ಟಲಿಲ್ಲ. ಮೂರು ತುಂಡಾದ ನೋಟಿಗೂ ಹೀಗೇ. ಒಂದು ಚೂರೂ ಕಳೆಯದಿದ್ದರೂ, 52, 28, 19 ಅಂತ ಹರಿದಿದ್ದರೆ, ದೊಡ್ಡ ತುಂಡಿನ 52ನ್ನೇ ಹಿಡಿಯುತ್ತಾರೆ. ಅಚ್ಚುಕಟ್ಟಾಗಿ ಟೇಪ್ ಹಚ್ಚಿ ಒಂದು ಮಾಡಿದರೂ ಅಂಟಿಸಿದ ತುಂಡು ಇಡಿಯಾದ ತುಂಡು ಆಗುವುದಿಲ್ಲ. ಹಾಗಾಗಿ ಎರಡು ತುಂಡಾದ ನೋಟನ್ನು ಮತ್ತೆ ಹರಿಯದಂತೆ ಜೋಪಾನ ಮಾಡುವುದು ದುಡ್ಡು ಉಳಿಸುವ ಕೆಲಸವೇ. ಇದನ್ನು ಕೌಂಟರಿನಲ್ಲಿ ಕೇಳಿದಾಗ ಬೇಜಾರಾಗುತ್ತದೆ, ಆದರೆ ಅದು ಕ್ಯಾಷಿಯರ್ ಮಾಡಿದ ಮೋಸವಲ್ಲ.

ನನಗೆ ನಿಜಕ್ಕೂ ಬೇಸರ ಇರುವುದು ಎರಡನೇ ನೋಟಿನ ವಿಷಯದಲ್ಲಿ. 76 ಉಳಿದರೂ 250 ಮಾತ್ರ ಸಿಕ್ಕಿದ್ದು. 2018ರ ತಿದ್ದುಪಡಿಗೆ ಮೊದಲು ಪೂರ್ತಿ ಬೆಲೆಯ ಗಡಿ ಶೇ. 65 ಇತ್ತು. ಆ ಲೆಕ್ಕದಲ್ಲಿ 65 ಚದರ ಸೆಂಟಿಮೀಟರ್ ಇದ್ದರೂ ಪೂರ್ತಿ 500 ಬರುತ್ತಿತ್ತು. ಹೊಸ ಸರಣಿಯ ನೋಟುಗಳು ಹಳೆಯವಕ್ಕಿಂತ ಚಿಕ್ಕವು, ಅವುಗಳಿಗೆ ಅಳತೆಯ ಪಟ್ಟಿ ಬೇಕೇ ಬೇಕಿತ್ತು. ಅದು ಸರಿ. ಆದರೆ ಆ ಜೊತೆಗೆ ಗಡಿಯನ್ನೂ 80ಕ್ಕೆ ಏರಿಸಿದರು. 65ರಿಂದ 80ರ ನಡುವೆ ಸಿಕ್ಕಿಬೀಳುವ ಪ್ರತಿ ನೋಟೂ ಈಗ ಅರ್ಧ ಬೆಲೆಗೆ ಇಳಿದಿದೆ. ಇಲಿ, ಗೆದ್ದಲು, ತೇವ ಇವೆಲ್ಲ ನೋಟನ್ನು ಕೆಡಿಸುವುದು ಹೆಚ್ಚಾಗಿ ಇಷ್ಟೇ ಪ್ರಮಾಣದಲ್ಲಿ. ಮೂಲೆ ಮತ್ತು ಅಂಚು ಹೋಗುತ್ತದೆ, ಮುಕ್ಕಾಲು ಉಳಿಯುತ್ತದೆ. ದುಡ್ಡನ್ನು ಬ್ಯಾಂಕಿನಲ್ಲಿಡುವವರಿಗೆ ಈ ಬದಲಾವಣೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿಡುವವರು ತೆರುತ್ತಾರೆ. ಇದು ಬಡವರ ಮೇಲೆ ಬಿದ್ದ ಹೊರೆ ಅಂತಲೇ ನನ್ನ ಅಭಿಪ್ರಾಯ.

ನೂರರ ನೋಟಿನಲ್ಲಿ ಇನ್ನೊಂದು ಎಚ್ಚರ ಬೇಕು. ಹಳೆಯ ದೊಡ್ಡ ನೂರು ಮತ್ತು ಈಗಿನ ನೇರಳೆ ನೂರು ಎರಡೂ ಚಲಾವಣೆಯಲ್ಲಿವೆ. ಹಳೆಯದು 15.7 ಸೆಂಟಿಮೀಟರ್ ಉದ್ದ, 7.3 ಅಗಲ. ಅದಕ್ಕೆ ಪೂರ್ತಿ ಬೆಲೆ ಬೇಕಾದರೆ 92 ಚದರ ಸೆಂಟಿಮೀಟರ್ ಇರಬೇಕು. ಅಂದರೆ 80 ಉಳಿದ ಹೊಸ ನೂರಕ್ಕೆ 100 ರೂಪಾಯಿ, 80 ಉಳಿದ ಹಳೆಯ ನೂರಕ್ಕೆ 50. ಅಳೆಯುವಾಗ ಯಾವ ನೋಟು ಅನ್ನುವುದನ್ನು ಮೊದಲು ನೋಡಿ.

ಅಳೆಯುವುದು ಹೇಗೆ? ಮಕ್ಕಳ ಗಣಿತದ ಗ್ರಾಫ್ ಹಾಳೆ ಸಾಕು. ತುಂಡನ್ನು ಅದರ ಮೇಲೆ ಮಟ್ಟಸವಾಗಿಟ್ಟು, ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಗೆರೆಯೊಳಗಿನ ಸೆಂಟಿಮೀಟರ್ ಚೌಕಗಳನ್ನು ಎಣಿಸಿ, ಅಂಚಿನ ಅರೆಬರೆ ಚೌಕಗಳನ್ನು ಚಿಕ್ಕ ಚೌಕ ಹಿಡಿದು ಕೂಡಿಸಿ. ಗೆದ್ದಲು ನಡುವೆ ತೂತು ಮಾಡಿದ್ದರೆ ಅದನ್ನೂ ಗುರುತು ಮಾಡಿ ಕಳೆಯಬೇಕು. ಬ್ಯಾಂಕಿನವರ ಅಳತೆಯೇ ಅಂತಿಮ ಅನ್ನುವುದು ನಿಜ. ಆದರೆ ನಿಮ್ಮ ಲೆಕ್ಕ 88 ಬಂದಿದ್ದು ಅವರು ಅರ್ಧ ಬೆಲೆ ಅಂದರೆ, ಇನ್ನೊಮ್ಮೆ ಅಳೆಯಿರಿ ಸಾರ್ ಅಂತ ಕೇಳುವ ಧೈರ್ಯವಾದರೂ ಬರುತ್ತದೆ.

ಅಳೆಯುವಾಗ ಒಂದು ತಪ್ಪು ಮಾತ್ರ ಮಾಡಬೇಡಿ. ಇಲಿ ಕಡಿದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ ಅಂತ ಕತ್ತರಿ ಹಿಡಿದು ನೇರ ಮಾಡಬೇಡಿ. ಅಳತೆ ಕಮ್ಮಿಯಾಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೇಕಂತಲೇ ಕತ್ತರಿಸಿದ ನೋಟಿಗೆ ಏನೂ ಕೊಡುವಂತಿಲ್ಲ. ಅಂಥ ನೋಟನ್ನು ಗುರುತಿಸುವುದಕ್ಕೆ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ಹೇಳಿರುವ ಸುಳಿವು ಯಾವುದು ಗೊತ್ತಾ? ಹಲವು ನೋಟುಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಭಾಗ ಕಾಣೆಯಾಗಿರುವುದು. ಒಟ್ಟಿಗೆ ಮಡಚಿದ ನೋಟುಗಳನ್ನು ಇಲಿ ಕಡಿದರೂ ಹೀಗೇ ಆಗುತ್ತದೆ. ಎಲ್ಲದರಲ್ಲೂ ಒಂದೇ ಕಡೆ ತೂತು. ಆಗ ನಿಮ್ಮ ಪರವಾಗಿ ಮಾತಾಡುವುದು ಆ ಒರಟು ಅಂಚು, ಹಲ್ಲಿನ ಗುರುತು, ಕಡಿದ ಚೀಲ. ಅಂಚನ್ನು ಕತ್ತರಿಸಿದರೆ ಆ ಸಾಕ್ಷಿಯನ್ನು ನೀವೇ ಅಳಿಸಿದ ಹಾಗೆ. ನೋಟನ್ನು ಸಿಕ್ಕಿದ ಸ್ಥಿತಿಯಲ್ಲೇ, ಬೇಕಾದರೆ ಕಡಿದ ಚೀಲದ ಜೊತೆಗೇ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನಿ. ಬೇರೆ ಬೇರೆ ನೋಟಿನ ತುಂಡುಗಳನ್ನು ಸೇರಿಸಿ ಅಂಟಿಸುವ ಕೆಲಸಕ್ಕೂ ಹೋಗಬೇಡಿ.

ಇನ್ನು ಕೌಂಟರಿನಲ್ಲಿ ಏನಾಗುತ್ತದೆ ಅನ್ನುವುದು. ನಿಮಗೆ ಆ ಶಾಖೆಯಲ್ಲಿ ಖಾತೆ ಇರಬೇಕು ಅಂತಿಲ್ಲ. ಬ್ಯಾಂಕ್ ಶಾಖೆಗಳು ಈ ಸೇವೆಯನ್ನು ತಮ್ಮ ಗ್ರಾಹಕರಿಗೆ ಮಾತ್ರವಲ್ಲ, ಎಲ್ಲರಿಗೂ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ಸೂಚನೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ತೋಟದಲ್ಲಿ ದುಡಿಯುವವರ ಖಾತೆ ಅವರ ಊರಲ್ಲೇ ಇರುತ್ತದೆ, ಅವರಿಗೂ ಇದು ಅನ್ವಯ. ಊರಿನ ಪತ್ತಿನ ಸಹಕಾರ ಸಂಘಕ್ಕೆ ಹೋಗಿ ಕೇಳಿದರೆ ಪ್ರಯೋಜನವಿಲ್ಲ, ಅದು ಬ್ಯಾಂಕ್ ಅಲ್ಲ. ಸಣ್ಣ ಹಣಕಾಸು ಬ್ಯಾಂಕ್ ಮತ್ತು ಪೇಮೆಂಟ್ ಬ್ಯಾಂಕುಗಳಿಗೆ ಇದು ಕಡ್ಡಾಯವಿಲ್ಲ.

ತುಂಡು ಹೋದ ನೋಟು ಐದರವರೆಗೆ ಇದ್ದರೆ ಸಾಮಾನ್ಯ ಶಾಖೆಯೇ ಅಳೆದು ಕೌಂಟರಿನಲ್ಲೇ ದುಡ್ಡು ಕೊಡಬೇಕು. ಅವರಿಂದ ತೀರ್ಮಾನ ಮಾಡಲು ಆಗದಿದ್ದರೆ, ರಸೀದಿ ಕೊಟ್ಟು ನೋಟನ್ನು ತಮಗೆ ಹೊಂದಿಕೊಂಡ ಕರೆನ್ಸಿ ಚೆಸ್ಟ್ ಶಾಖೆಗೆ ಕಳಿಸುತ್ತಾರೆ. ಕರೆನ್ಸಿ ಚೆಸ್ಟ್ ಅಂದರೆ ರಿಸರ್ವ್ ಬ್ಯಾಂಕಿನ ನೋಟು ದಾಸ್ತಾನು ಇಟ್ಟುಕೊಂಡ ದೊಡ್ಡ ಶಾಖೆ. ದುಡ್ಡು ಯಾವಾಗ ಬರುತ್ತದೆ ಅಂತ ರಸೀದಿಯಲ್ಲೇ ಬರೆದಿರಬೇಕು, ಅದು 30 ದಿನ ಮೀರಬಾರದು. ಐದಕ್ಕಿಂತ ಹೆಚ್ಚು ನೋಟಿದ್ದರೆ ಚೆಸ್ಟ್ ಶಾಖೆಗೆ ನೀವೇ ಹೋಗಬೇಕು. ಮೊತ್ತ 5,000 ದಾಟದಿದ್ದರೆ ಖಾತೆ ವಿವರ ಬರೆದು ಇನ್ಶೂರ್ಡ್ ಅಂಚೆಯಲ್ಲಿ ಕಳಿಸಲೂಬಹುದು. ಆದ್ದರಿಂದ ನಿಮ್ಮ ಶಾಖೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, "ನಿಮ್ಮ ಚೆಸ್ಟ್ ಬ್ರಾಂಚ್ ಯಾವುದು?" ಅನ್ನುವುದು.

ಗೀಚಿದ ನೋಟಿನ ಬಗ್ಗೆ ಹೆದರಬೇಕಿಲ್ಲ. ಯಾರೋ ಲೆಕ್ಕ ಬರೆದ, ಬಣ್ಣ ಹತ್ತಿದ ನೋಟು ಈಗಲೂ ನೋಟೇ, ಬ್ಯಾಂಕು ತಗೊಳ್ಳಬೇಕು. ರಾಜಕೀಯ ಘೋಷಣೆ ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ ಇಲ್ಲ.

ಕೊಡಗಿನ ಮಟ್ಟಿಗೆ ಅತಿ ಕಷ್ಟದ ಸಂಗತಿ ಸುಟ್ಟ ಮತ್ತು ಅಂಟಿಕೊಂಡ ನೋಟುಗಳದ್ದು. ನಮ್ಮ ನೋಟು ಹತ್ತಿಯ ಕಾಗದದ್ದು. ನೀರಿಗೆ ಬಿದ್ದರೆ ಬೇಗ ಕರಗುವುದಿಲ್ಲ. ಆದರೆ ಕಂತೆಯಾಗಿ ಒದ್ದೆಯಾಗಿ ವಾರಗಟ್ಟಲೆ ಬಿದ್ದಿದ್ದರೆ ಒಂದಕ್ಕೊಂದು ಹತ್ತಿಕೊಂಡು ಹಲಗೆಯಂತಾಗುತ್ತದೆ. ಎಷ್ಟೋ ಮನೆಯಲ್ಲಿ ಒದ್ದೆ ನೋಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಾರೆ. ಸ್ವಲ್ಪ ಬಿಸಿ ಜಾಸ್ತಿಯಾದರೂ ನೋಟು ಕಂದಿ ಹಪ್ಪಳವಾಗುತ್ತದೆ. ಮುಟ್ಟಿದರೆ ಪುಡಿಯಾಗುವ ನೋಟನ್ನು, ಬಿಡಿಸಲಾಗದಂತೆ ಅಂಟಿದ ಕಂತೆಯನ್ನು ಬ್ಯಾಂಕ್ ಶಾಖೆಗಳು ತಗೊಳ್ಳುವಂತೆಯೇ ಇಲ್ಲ. ಅದನ್ನು ನೋಡುವುದು ರಿಸರ್ವ್ ಬ್ಯಾಂಕಿನ ಇಶ್ಯೂ ಆಫೀಸು ಮಾತ್ರ, ಅದಕ್ಕೆ ಬೇರೆಯೇ ವಿಧಾನ ಇದೆ. ನಮಗೆ ಹತ್ತಿರ ಅಂದರೆ ಬೆಂಗಳೂರಿನ ನೃಪತುಂಗ ರಸ್ತೆ. ಮಡಿಕೇರಿಯಿಂದ ಬಸ್ಸಿನಲ್ಲೇ ಹೋಗಬೇಕು, ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಎರಡು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿ, ಎರಡು ಸಾವಿರದ ಕಂತೆಗೆ ಅಷ್ಟು ದೂರ ಯಾರು ಹೋಗುತ್ತಾರೆ? ಮಳೆಗಾಲ ಮುಗಿದ ಮೇಲೆ ಒಂದು ದಿನ ಇಂಥ ನೋಟುಗಳನ್ನು ಜಿಲ್ಲೆಯಲ್ಲೇ ತಗೊಂಡು ಬೆಂಗಳೂರಿಗೆ ಕಳಿಸುವ ಏರ್ಪಾಡು ಆಗಬೇಕು. ಇದು ದೊಡ್ಡ ಬೇಡಿಕೆಯೇನಲ್ಲ. ಅಲ್ಲಿಯವರೆಗೆ, ಅಂಟಿದ ಕಂತೆಯನ್ನು ಉಗುರಿನಿಂದ ಕೀಳಬೇಡಿ, ಇಸ್ತ್ರಿ ಹಾಕಬೇಡಿ. ಗಾಳಿಯಾಡುವ ನೆರಳಲ್ಲಿ ತಾನಾಗಿ ಒಣಗಲು ಬಿಡಿ. ತಾನಾಗಿ ಬಿಟ್ಟುಕೊಂಡ ಇಡೀ ನೋಟು ಮಾಸಿದ ನೋಟಿನ ಲೆಕ್ಕಕ್ಕೆ ಬಂದು ಊರಿನ ಶಾಖೆಯಲ್ಲೇ ಬದಲಾಗುತ್ತದೆ. ಬಿಡದೆ ಉಳಿದದ್ದನ್ನು ಇದ್ದ ಹಾಗೇ ಡಬ್ಬದಲ್ಲಿ ಹಾಕಿಡಿ.

ಕಾನೂನಿನ ಒಂದು ಮಾತನ್ನು ಮುಚ್ಚಿಡಬಾರದು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ಹರಿದ ನೋಟಿನ ದುಡ್ಡು ಯಾರ ಹಕ್ಕೂ ಅಲ್ಲ. ರಿಸರ್ವ್ ಬ್ಯಾಂಕ್ ಅದನ್ನು ಕೃಪೆಯಿಂದ ಕೊಡುತ್ತದೆ. ಇದನ್ನೇ ಹಿಡಿದು ನಮ್ಮ ಮರ್ಜಿ ಅನ್ನುವ ಸಿಬ್ಬಂದಿಯೂ ಇದ್ದಾರೆ. ಆದರೆ ಆ ಕೃಪೆ ಯಾವಾಗ, ಎಷ್ಟು ಅಂತ ನಿಯಮ ಬರೆದಾಗಿದೆ. ಅದನ್ನು ಪಾಲಿಸಿ ಅಂತ ಬ್ಯಾಂಕುಗಳಿಗೆ ಸೂಚನೆಯೂ ಹೋಗಿದೆ. ನಾನು ಸಂತೆ ದಿನ ಒಂದು ಶಾಖೆಯಲ್ಲಿ ಕಣ್ಣಾರೆ ಕಂಡದ್ದು ಹೀಗೆ. ವಯಸ್ಸಾದ ಒಬ್ಬ ಹೆಂಗಸು ಎರಡು ತುಂಡಿನ ಐನೂರು ಹಿಡಿದು ನಿಂತಿದ್ದರು. "ಇದು ನಡೆಯಲ್ಲಮ್ಮ, ಬೇರೆ ಬ್ಯಾಂಕಿಗೆ ಹೋಗಿ" ಅಂದರು. ತುಂಡೆರಡೂ ಪೂರ್ತಿ ಇದ್ದವು. ಅದು ಅಳೆಯಬೇಕಾದ ನೋಟೂ ಅಲ್ಲ, ಬರೀ ಮಾಸಿದ ನೋಟು. ಆಕೆ ಏನೂ ಹೇಳದೆ ಸೆರಗಿಗೆ ಕಟ್ಟಿಕೊಂಡು ಹೊರಟರು. ಪಕ್ಕದಲ್ಲಿದ್ದವರು ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದ ಮೇಲೆ ಬದಲಾಯಿಸಿ ಕೊಟ್ಟರು.

ನಿಮಗೆ ಹೀಗಾದರೆ ಜಗಳ ಬೇಡ. ಮಾಸಿದ, ಹರಿದ ನೋಟುಗಳನ್ನು ಇಲ್ಲಿ ಬದಲಾಯಿಸಲಾಗುತ್ತದೆ ಅಂತ ಬೋರ್ಡು ಹಾಕಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ಸೂಚನೆ. ಗೋಡೆಯಲ್ಲಿ ಅದನ್ನು ಹುಡುಕಿ ತೋರಿಸಿ. ಮ್ಯಾನೇಜರ್ ಹತ್ತಿರ ಹೋಗಿ. ಅವರೂ ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದುಕೊಡಲು ಕೇಳಿ. ಬಹಳ ಸಲ ಕೆಲಸ ಅಲ್ಲಿಗೇ ಆಗುತ್ತದೆ. ಆಗದಿದ್ದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ. ತೋಟದ ರೈಟ್ರೋ, ಓದುವ ಮಕ್ಕಳೋ ಫೋನಿನಲ್ಲೇ ಹಾಕಿ ಕೊಡಬಹುದು. ದೂರಿನಲ್ಲಿ ಶಾಖೆ, ದಿನಾಂಕ, ನೋಟಿನ ಬೆಲೆ, ದೊಡ್ಡ ತುಂಡಿನ ಅಳತೆ ಇಷ್ಟನ್ನು ಬರೆದು, ಗ್ರಾಫ್ ಹಾಳೆಯ ಮೇಲಿಟ್ಟು ತೆಗೆದ ನೋಟಿನ ಫೋಟೋ ಸೇರಿಸಿ. ಆ ಫೋಟೋವನ್ನು ಬ್ಯಾಂಕಿಗೆ ಹೊರಡುವ ಮೊದಲೇ ತೆಗೆದಿಡಬೇಕು, ನೋಟು ಒಮ್ಮೆ ಅವರ ಕೈಗೆ ಹೋದ ಮೇಲೆ ಅಳೆಯಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ.